ಪ್ರವಾಹದಿಂದ ಕೆಲಸ ನಿಂತಾಗ ಎಂಪ್ಲಾಯರ್‌ಗೆ ಫೋರ್ಸ್ ಮೇಜರ್ ನೋಟಿಸ್: ಘಟನೆ, ಪುರಾವೆ, ಕೈಗೊಂಡ ಕ್ರಮ ಬರೆಯುವ ಬಗೆ

ಸೈಟ್ ಮುಳುಗಿದ ಮೇಲೆ ಗುತ್ತಿಗೆದಾರರಿಂದ ಹೋಗುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. "ಭಾರೀ ಮಳೆಯಿಂದ ನದಿ ಉಕ್ಕಿ ಹರಿದು ಕೆಲಸ ಸ್ಥಗಿತಗೊಂಡಿದೆ. ಇದನ್ನು ಫೋರ್ಸ್ ಮೇಜರ್ ಎಂದು ಪರಿಗಣಿಸಿ ಅವಧಿ ವಿಸ್ತರಿಸಿ ಕೊಡಬೇಕಾಗಿ ವಿನಂತಿ." ಇದರಲ್ಲಿ ಹವಾಮಾನದ ಸುದ್ದಿ ಇದೆ, ಕೋರಿಕೆಯೂ ಇದೆ. ಆದರೆ ಕರಾರು ಕೇಳುವ ಮಾಹಿತಿ ಇಲ್ಲ. ಕರಾರಿನ ಪ್ರಕಾರ ನೀವು ಮಾಡಲೇಬೇಕಾಗಿದ್ದ ಯಾವ ಕೆಲಸವನ್ನು, ಯಾವ ದಿನ ಎಷ್ಟು ಹೊತ್ತಿನಿಂದ, ಈ ನೀರು ತಡೆಯಿತು ಎಂಬುದನ್ನು ಪತ್ರ ಹೇಳಬೇಕು. ಆ ವಾಕ್ಯವಿಲ್ಲದ ಪತ್ರಕ್ಕೆ ಎಷ್ಟು ಫೋಟೊ ಲಗತ್ತಿಸಿದರೂ ಅದು ನೋಟಿಸ್ ಆಗಿ ನಿಲ್ಲುವುದು ಕಷ್ಟ.

ಇಲ್ಲಿ ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಸಂಸ್ಥೆಯ 1999ರ ರೆಡ್ ಬುಕ್ ಮಾದರಿ ಕರಾರನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಹಲವು ದೇಶಗಳ ಸಿವಿಲ್ ಕಾಮಗಾರಿಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. 2017ರ ಆವೃತ್ತಿಯಲ್ಲಿ ನಿಯಮ ಬೇರೆಯಾಗಿರುವ ಕಡೆ ಅದನ್ನೂ ಹೇಳುತ್ತೇವೆ. ಫೋರ್ಸ್ ಮೇಜರ್ ಎಂದರೆ ನಿಮ್ಮ ಹತೋಟಿ ಮೀರಿ ಬಂದು ಕರಾರಿನ ಕೆಲಸ ತಡೆಯುವ ಅಸಾಧಾರಣ ಘಟನೆ. ಎಂಪ್ಲಾಯರ್ ಎಂದರೆ ಕಾಮಗಾರಿ ಮಾಡಿಸುತ್ತಿರುವವರು. ಎಂಜಿನಿಯರ್ ಎಂದರೆ ಅವರ ಪರವಾಗಿ ಕರಾರು ನಡೆಸಲು ನೇಮಕವಾದವರು.

ಮೊದಲು ಕರಾರು ತೆರೆಯಿರಿ

ಪತ್ರ ಬರೆಯಲು ಕೂರುವ ಮೊದಲು ಕಲಂ 19.1 ಮತ್ತು 19.2 ಓದಿ, ಆಮೇಲೆ ವಿಶೇಷ ಷರತ್ತುಗಳಲ್ಲಿ ಅವನ್ನು ಬದಲಿಸಿದ್ದಾರೆಯೇ ನೋಡಿ. ಎಷ್ಟೋ ಎಂಪ್ಲಾಯರ್‌ಗಳು ನೋಟಿಸ್‌ನ 14 ದಿನದ ಗಡುವನ್ನು 7 ದಿನಕ್ಕೆ ಇಳಿಸಿರುತ್ತಾರೆ, ಇಲ್ಲವೇ ಇಂತಿಷ್ಟು ಮಟ್ಟದವರೆಗಿನ ನೀರಿನ ಹೊಣೆ ಗುತ್ತಿಗೆದಾರನದೇ ಎಂದು ಬರೆದಿರುತ್ತಾರೆ. ಹಾಗಿದ್ದರೆ ಮುಂದಿನ ಲೆಕ್ಕವೆಲ್ಲ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

1999ರ ಮೂಲ ಪಠ್ಯದಲ್ಲಿ ನಾಲ್ಕು ಪರೀಕ್ಷೆಗಳಿವೆ. ಘಟನೆ ನಿಮ್ಮ ಹತೋಟಿ ಮೀರಿದ್ದಾಗಿರಬೇಕು. ಕರಾರಿಗೆ ಸಹಿ ಹಾಕುವ ಮೊದಲು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುವುದು ನಿಮ್ಮಿಂದ ಸಾಧ್ಯವಿರಬಾರದು. ಬಂದ ಮೇಲೆ ಅದನ್ನು ತಪ್ಪಿಸಲು ಅಥವಾ ಮೀರಲು ಆಗಿರಬಾರದು. ಅದು ಮುಖ್ಯವಾಗಿ ಎದುರು ಪಕ್ಷದ ಕಾರಣದಿಂದ ಆಗಿರಬಾರದು. ನಾಲ್ಕೂ ಕೂಡಿ ಬರಬೇಕು, ಮೂರು ಸಾಲದು.

ಪ್ರಾಕೃತಿಕ ವಿಪತ್ತುಗಳಿಗೆ ಉದಾಹರಣೆಯಾಗಿ ಆ ಕಲಂ ಭೂಕಂಪ, ಚಂಡಮಾರುತ, ಜ್ವಾಲಾಮುಖಿಗಳನ್ನು ಹೆಸರಿಸುತ್ತದೆ. ಪ್ರವಾಹದ ಹೆಸರು ಅಲ್ಲಿಲ್ಲ. 2017ರ ಪಟ್ಟಿಗೆ ಸುನಾಮಿ ಸೇರಿತು, ಪ್ರವಾಹ ಆಗಲೂ ಸೇರಲಿಲ್ಲ. ಪಟ್ಟಿ ಅಷ್ಟಕ್ಕೇ ಸೀಮಿತವಲ್ಲ ಎಂದು ಕಲಂನಲ್ಲೇ ಇರುವುದರಿಂದ ಪ್ರವಾಹ ಹೊರಗುಳಿಯುವುದಿಲ್ಲ, ಆದರೆ ತಾನಾಗಿ ಒಳಗೂ ಬರುವುದಿಲ್ಲ. ಈ ನೀರು ನಾಲ್ಕೂ ಪರೀಕ್ಷೆ ದಾಟುತ್ತದೆ ಎಂದು ತೋರಿಸುವ ಭಾರ ನಿಮ್ಮ ಮೇಲಿದೆ.

ನಾಲ್ಕನೇ ಪರೀಕ್ಷೆಯನ್ನು ಹಲವರು ಓದದೆ ದಾಟಿಬಿಡುತ್ತಾರೆ. ಮೇಲ್ದಂಡೆಯ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ಪ್ರವಾಹ ಬಂದಿದ್ದು, ಆ ಅಣೆಕಟ್ಟು ಎಂಪ್ಲಾಯರ್‌ನದೇ ಹತೋಟಿಯಲ್ಲಿದ್ದರೆ, ಇದು ಫೋರ್ಸ್ ಮೇಜರ್ ಆಗದೆ ಎಂಪ್ಲಾಯರ್‌ನಿಂದಾದ ಅಡಚಣೆ ಆಗಬಹುದು. ಅಂಥ ಅಡಚಣೆಗೆ ಬೇರೆ ಕಲಂ, ಬೇರೆ ಪರಿಹಾರ. ಗೇಟು ತೆರೆದವರು ಯಾರು ಎಂದು ತಿಳಿಯುವವರೆಗೆ ಎರಡೂ ದಾರಿ ತೆರೆದಿಟ್ಟು ಬರೆಯಬೇಕು.

ಒಂದು ಪ್ರವಾಹಕ್ಕೆ ಮೂರು ನೋಟಿಸ್

ಹೆಚ್ಚಿನ ನಷ್ಟ ಆಗುವುದು ಇಲ್ಲಿ. ಫೋರ್ಸ್ ಮೇಜರ್ ನೋಟಿಸ್ ಒಂದನ್ನು ಕೊಟ್ಟು, ಎಲ್ಲವೂ ಅದರಲ್ಲೇ ಬಂತು ಎಂದು ಕೈಕಟ್ಟಿ ಕೂರುತ್ತಾರೆ.

ಕಲಂ 19.2ರ ನೋಟಿಸ್ ಎದುರು ಪಕ್ಷಕ್ಕೆ, ಅಂದರೆ ಎಂಪ್ಲಾಯರ್‌ಗೆ ಹೋಗಬೇಕು. ಘಟನೆ ತಿಳಿದ, ಅಥವಾ ತಿಳಿಯಬೇಕಾಗಿದ್ದ ದಿನದಿಂದ 14 ದಿನದೊಳಗೆ. ಆ ಕೆಲಸ ಮಾಡದೆ ಇರುವುದು ಕರಾರು ಉಲ್ಲಂಘನೆ ಆಗದಂತೆ ಇದು ಕಾಯುತ್ತದೆ. ಹಣ ಕೊಡುವ ಬಾಧ್ಯತೆಗೆ ಮಾತ್ರ ಈ ರಕ್ಷಣೆ ಇಲ್ಲ.

ಅವಧಿ ವಿಸ್ತರಣೆ ಬೇಕಿದ್ದರೆ ಕಲಂ 20.1ರ ಕ್ಲೇಮ್ ನೋಟಿಸ್ ಬೇರೆ ಬೇಕು. ಅದು ಎಂಜಿನಿಯರ್‌ಗೆ, 28 ದಿನದೊಳಗೆ. ಈ ಗಡುವು ಮೀರಿದರೆ ಅವಧಿಯೂ ಇಲ್ಲ, ಹಣವೂ ಇಲ್ಲ, ಎಂಪ್ಲಾಯರ್ ಹೊಣೆಯಿಂದ ಮುಕ್ತ ಎಂದು ಕಲಂನಲ್ಲೇ ಸ್ಪಷ್ಟವಾಗಿದೆ. ವಿವರವಾದ ಕ್ಲೇಮ್ ಕೊಡಲು 1999ರಲ್ಲಿ 42 ದಿನ, 2017ರಲ್ಲಿ 84 ದಿನ ಇವೆ.

ಮೂರನೆಯದು ಹಾನಿಯ ನೋಟಿಸ್. ಪ್ರಾಕೃತಿಕ ವಿಪತ್ತಿಗೆ ಕಲಂ 19.4ರಲ್ಲಿ ಸಿಗುವುದು ಅವಧಿ ಮಾತ್ರ. ವೆಚ್ಚ ಸಿಗುವುದು ಯುದ್ಧ, ದಂಗೆ, ಗಲಭೆಯಂಥ ಘಟನೆಗಳಿಗೆ. ಹಾಗಾಗಿ ಸುಮ್ಮನೆ ನಿಂತ ಕ್ರೇನಿನ ಬಾಡಿಗೆಯನ್ನು ಈ ಕಲಂ ಅಡಿಯಲ್ಲಿ ಕೇಳಿದರೆ ತಿರಸ್ಕಾರ ಖಚಿತ. ಆದರೆ ಕಲಂ 17.3(h) ನೋಡಿ: ಮುಂಗಾಣಲಾಗದ ಅಥವಾ ಅನುಭವಿ ಗುತ್ತಿಗೆದಾರನೂ ತಕ್ಕ ಮುನ್ನೆಚ್ಚರಿಕೆ ತೆಗೆದುಕೊಳ್ಳಲಾಗದಂಥ ಪ್ರಕೃತಿಯ ಹೊಡೆತವನ್ನು ಅದು ಎಂಪ್ಲಾಯರ್‌ನ ಅಪಾಯಗಳ ಪಟ್ಟಿಯಲ್ಲಿ ಇಟ್ಟಿದೆ. ಅದರಿಂದ ಕಾಮಗಾರಿಗೋ ಸಾಮಗ್ರಿಗೋ ಹಾನಿಯಾಗಿದ್ದರೆ ಕಲಂ 17.4ರ ಪ್ರಕಾರ ಎಂಜಿನಿಯರ್‌ಗೆ ತಡಮಾಡದೆ ತಿಳಿಸಬೇಕು. ಅವರು ಹೇಳಿದ ಮಟ್ಟಿಗೆ ಸರಿಪಡಿಸಿದ ವೆಚ್ಚ ಮತ್ತು ಆ ಸರಿಪಡಿಸುವಿಕೆಯಿಂದಾದ ವಿಳಂಬ ಕೇಳಲು ದಾರಿ ಇರುವುದು ಇಲ್ಲಿ. ಜೊತೆಗೆ ವಿಮಾ ಪಾಲಿಸಿಯ ಗಡುವು ಪ್ರತ್ಯೇಕ, ಅದು ಕೆಲವೇ ದಿನಗಳದ್ದೂ ಆಗಿರಬಹುದು. ಸರ್ವೇಯರ್ ಬಂದು ನೋಡುವ ಮೊದಲು ಹೂಳು ತೆಗೆದುಹಾಕಿದರೆ ವಿಮೆಯ ಕ್ಲೇಮ್‌ಗೇ ಕುತ್ತು.

ಮೂರನ್ನೂ ಒಂದೇ ಪತ್ರದಲ್ಲಿ ಬರೆಯಬಹುದೇ? ಇಬ್ಬರ ವಿಳಾಸವನ್ನೂ ಹಾಕಿ, ಮೂರೂ ಕಲಂಗಳನ್ನು ಹೆಸರಿಸಿದರೆ ಬರೆಯಬಹುದು. ನಮ್ಮ ಸಲಹೆ ಬೇರೆ ಬೇರೆ ಪತ್ರಗಳೇ. ಒಂದರಲ್ಲಿ ದೋಷ ಕಂಡುಬಂದರೆ ಉಳಿದೆರಡು ಅದರ ಜೊತೆ ಬೀಳುವುದಿಲ್ಲ.

ದಿನ ಎಣಿಸುವುದು

ಇಲ್ಲಿಂದ ಮುಂದಕ್ಕೆ ಒಂದು ಕಲ್ಪಿತ ಕಾಮಗಾರಿಯನ್ನು ಇಟ್ಟುಕೊಂಡು ನೋಡೋಣ. ನದಿಗೆ ಅಡ್ಡಲಾಗಿ ಸೇತುವೆ, ಅವಧಿ 24 ತಿಂಗಳು. ಮೂರನೇ ಪಿಯರ್‌ನ (ಪಿ-3) ಪೈಲ್ ಕ್ಯಾಪ್‌ಗೆ ಕಂಬಿ ಕಟ್ಟುವ ಕೆಲಸ ನಡೆದಿದೆ. ಸುತ್ತ ನೀರು ತಡೆಯಲು ಕಾಫರ್ ಡ್ಯಾಮ್ ಇದೆ, ಅದರ ಮೇಲ್ಮಟ್ಟ 104.50 ಮೀಟರ್. ಟೆಂಡರ್ ದಾಖಲೆಯಲ್ಲಿ 10 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟ 103.80 ಮೀಟರ್ ಎಂದಿತ್ತು.

ಜುಲೈ 8ರ ಸಂಜೆ 4ಕ್ಕೆ ಪ್ರವಾಹದ ಮುನ್ನೆಚ್ಚರಿಕೆ ಬಂತು. ಜುಲೈ 9ರ ಬೆಳಿಗ್ಗೆ 5.10ಕ್ಕೆ ನೀರು ಕಾಫರ್ ಡ್ಯಾಮ್ ಮೇಲೆ ಹರಿಯಿತು. ಬೆಳಿಗ್ಗೆ 11ಕ್ಕೆ 106.20 ಮೀಟರ್ ತಲುಪಿತು. ಜುಲೈ 17ರ ಮಧ್ಯಾಹ್ನ ಮಟ್ಟ 104.50ಕ್ಕಿಂತ ಕೆಳಗಿಳಿಯಿತು. ಕೊಚ್ಚಿಹೋಗಿದ್ದ ಸೈಟ್ ರಸ್ತೆ ಜುಲೈ 19ರ ಸಂಜೆ ಸರಿಯಾಯಿತು. ನೀರೆತ್ತಿ, ಹೂಳು ತೆಗೆದು, ಜುಲೈ 28ರಂದು ಕಂಬಿ ಕೆಲಸ ಮತ್ತೆ ಶುರುವಾಯಿತು.

ಜುಲೈ 9ರಿಂದ ಎಣಿಸಿದರೆ 19.2ರ ನೋಟಿಸ್‌ಗೆ ಜುಲೈ 23 ಕೊನೆ, 20.1ರ ನೋಟಿಸ್‌ಗೆ ಆಗಸ್ಟ್ 6, ವಿವರವಾದ ಕ್ಲೇಮ್‌ಗೆ ಆಗಸ್ಟ್ 20. ನೀರು ಇಳಿದ ಜುಲೈ 17ರಿಂದ ಅಥವಾ ಹಾನಿ ಅಂದಾಜು ಮುಗಿದ ದಿನದಿಂದ ಎಣಿಸುವ ತಪ್ಪು ಬಹಳ ಸಾಮಾನ್ಯ. ಗಡಿಯಾರ ಓಡಲು ಶುರುವಾಗುವುದು ಘಟನೆ ತಿಳಿದಾಗ. ಎಷ್ಟು ಹಾನಿಯಾಯಿತು ಎಂಬುದು ಆಮೇಲೆ ತಿಳಿದರೂ ಗಡುವು ಮುಂದೆ ಹೋಗುವುದಿಲ್ಲ. ಮುನ್ನೆಚ್ಚರಿಕೆ ಬಂದ ಜುಲೈ 8ರಂದೇ ತಿಳಿದಿತ್ತಲ್ಲ ಎಂದು ಎದುರಿನವರು ವಾದಿಸಬಹುದು. ಹಾಗಾಗಿ ಕೊನೆಯ ದಿನದವರೆಗೆ ಕಾಯದೆ ನಾಲ್ಕೈದು ದಿನದಲ್ಲಿ ಕೊಟ್ಟುಬಿಡಿ. ಮೊದಲ ನೋಟಿಸ್‌ನಲ್ಲಿ ಎಲ್ಲ ಅಂಕಿ ಇರಬೇಕಿಲ್ಲ, "ವಿವರ ನಂತರ ಸಲ್ಲಿಸುತ್ತೇವೆ" ಎಂದು ಬರೆದರೆ ಸಾಕು.

ತಡವಾದರೆ ಏನಾಗುತ್ತದೆ? 2017ರ ಕಲಂ 18.2ರಲ್ಲಿ ಇದಕ್ಕೆ ನೇರ ಉತ್ತರ ಇದೆ: 14 ದಿನ ಮೀರಿ ನೋಟಿಸ್ ತಲುಪಿದರೆ, ತಲುಪಿದ ದಿನದಿಂದ ಮುಂದಕ್ಕೆ ಮಾತ್ರ ವಿನಾಯಿತಿ. ನಮ್ಮ ಸೇತುವೆಯಲ್ಲಿ ನೋಟಿಸ್ ಜುಲೈ 26ಕ್ಕೆ ತಲುಪಿದ್ದರೆ ಅದಕ್ಕೂ ಹಿಂದಿನ 17 ದಿನ ಕೈತಪ್ಪುತ್ತಿತ್ತು.

ಲೆಕ್ಕಕ್ಕೆ ಬರುವುದು ಕಳಿಸಿದ ದಿನವಲ್ಲ, ತಲುಪಿದ ದಿನ. ಟೆಂಡರ್ ಅನುಬಂಧದಲ್ಲಿ ಯಾವ ವಿಳಾಸ, ಯಾವ ವಿಧಾನ ಹೇಳಿದೆಯೋ ಅದನ್ನೇ ಬಳಸಿ. ಅಲ್ಲಿ ಇಮೇಲ್ ಒಪ್ಪಿಗೆ ಇಲ್ಲದಿದ್ದರೆ ಇಮೇಲ್ ಬರೀ ಮಾಹಿತಿ, ನೋಟಿಸ್ ಆಗದು. ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿದ್ದು ಪುರಾವೆಗೆ ಬಂದೀತು, ನೋಟಿಸ್‌ಗೆ ಬಾರದು. ಪ್ರವಾಹದಲ್ಲಿ ಕೊರಿಯರ್ ನಿಂತಿರುತ್ತದೆ, ಆದ್ದರಿಂದ ಕೈಯಿಂದಲೇ ಕೊಟ್ಟು, ದಿನಾಂಕ, ಸಮಯ, ಸಹಿ, ಮೊಹರು ಹಾಕಿಸಿಕೊಳ್ಳಿ. ಎಂಜಿನಿಯರ್‌ಗೂ ಪ್ರತಿ ಕೊಡುವುದು ಕಲಂ 1.3ರ ಅಗತ್ಯ. 2017ರ ಕರಾರಾದರೆ ಪತ್ರದ ಮೇಲೆ "ನೋಟಿಸ್" ಎಂದು ಗುರುತಿಸಿರಬೇಕು. ಭಾಷೆ ಕೂಡ ಕಲಂ 1.4ರಲ್ಲಿ ಪತ್ರವ್ಯವಹಾರಕ್ಕೆ ನಿಗದಿಯಾದದ್ದೇ ಇರಲಿ.

ಘಟನೆಯನ್ನು ಬರೆಯುವುದು

ಘಟನೆಯ ಭಾಗದಲ್ಲಿ ವಿಶೇಷಣ ಬೇಡ. "ಭೀಕರ", "ಅಭೂತಪೂರ್ವ", "ಹಿಂದೆಂದೂ ಕಾಣದ" ಎಂಬ ಪದಗಳಿಂದ ಏನೂ ಸಾಬೀತಾಗುವುದಿಲ್ಲ. ಸಾಬೀತು ಮಾಡುವುದು ಸಮಯ ಮತ್ತು ಮಟ್ಟ. ಪ್ರತಿ ವಾಕ್ಯದಲ್ಲೂ ದಿನಾಂಕ, ಗಂಟೆ, ಸ್ಥಳ, ಅಳತೆ ಇರಲಿ. ನೀರಿನ ಮಟ್ಟ ಹೇಳುವಾಗ ಯಾವ ಬೆಂಚ್‌ಮಾರ್ಕ್‌ನಿಂದ ಅಳೆದದ್ದು ಎಂದು ಬರೆಯಿರಿ. ನದಿ ಮಾಪನ ಕೇಂದ್ರದ ಮಟ್ಟವೂ ನಿಮ್ಮ ಡ್ರಾಯಿಂಗ್‌ನ ಮಟ್ಟವೂ ಬೇರೆ ಬೇರೆ ಆಧಾರದ ಮೇಲಿದ್ದರೆ ಎರಡನ್ನೂ ಹೋಲಿಸಿದ ಲೆಕ್ಕ ಹುಸಿಯಾಗುತ್ತದೆ, ಅದನ್ನು ಎದುರಿನವರು ಮೊದಲ ದಿನವೇ ಹಿಡಿಯುತ್ತಾರೆ.

ಮಳೆಗೂ ಪ್ರವಾಹಕ್ಕೂ ಇರುವ ವ್ಯತ್ಯಾಸ ನೆನಪಿಡಿ. ಮಳೆಗಾಲದಲ್ಲಿ ಮಳೆ ಬರುತ್ತದೆ ಎಂಬುದು ಸಹಿ ಹಾಕುವಾಗಲೇ ಗೊತ್ತಿದ್ದ ವಿಷಯ, ನಿಮ್ಮ ಕೆಲಸದ ವೇಳಾಪಟ್ಟಿಯಾದ ಪ್ರೋಗ್ರಾಮ್‌ನಲ್ಲಿ ಅದಕ್ಕೆ ದಿನಗಳನ್ನು ಬಿಟ್ಟಿರಬೇಕಾಗಿತ್ತು. ಕೆಲಸ ತಡೆದದ್ದು 106.20 ಮೀಟರ್ ಮಟ್ಟದ ನೀರು. ಮಳೆಯ ಅಂಕಿ ಆ ನೀರು ಎಲ್ಲಿಂದ ಬಂತೆಂದು ತೋರಿಸಲು ಮಾತ್ರ. ಇನ್ನು, ಹವಾಮಾನವೇ ತೀರಾ ವಿಪರೀತವಾಗಿತ್ತು ಎಂಬ ಆಧಾರದ ಮೇಲೆ ಕಲಂ 8.4(c) ಪ್ರತ್ಯೇಕವಾಗಿ ಅವಧಿ ಕೊಡುತ್ತದೆ. 20.1ರ ನೋಟಿಸ್‌ನಲ್ಲಿ ಅದನ್ನು ಪರ್ಯಾಯ ಆಧಾರವಾಗಿ ಹೆಸರಿಸಿ. ಫೋರ್ಸ್ ಮೇಜರ್ ವಾದ ಬಿದ್ದುಹೋದರೂ ಅವಧಿ ಉಳಿಸಿಕೊಳ್ಳಲು ಇದೊಂದು ದಾರಿ.

ಆಮೇಲೆ ಬರಬೇಕಾದದ್ದು ಬಾಧ್ಯತೆಯ ವಾಕ್ಯ. ಕಲಂ 19.2 ಕೇಳುವುದು ಎರಡನ್ನು: ಘಟನೆ ಏನು, ಅದು ಯಾವ ಬಾಧ್ಯತೆಗಳನ್ನು ತಡೆದಿದೆ ಅಥವಾ ತಡೆಯಲಿದೆ. "ಸೈಟ್‌ನ ಎಲ್ಲ ಕೆಲಸ ನಿಂತಿದೆ" ಎಂದು ಬರೆದರೆ ಅಪಾಯ. ನಮ್ಮ ಸೇತುವೆಯ ಗರ್ಡರ್ ಎರಕ ಹೊಯ್ಯುವ ಯಾರ್ಡ್ ಎತ್ತರದಲ್ಲಿದೆ, ಅಲ್ಲಿ ಕೆಲಸ ನಡೆಯುತ್ತಿತ್ತು. ಆ ಒಂದು ಅತಿಶಯೋಕ್ತಿಯಿಂದ ಇಡೀ ಪತ್ರದ ನಂಬಿಕೆ ಹೋಗುತ್ತದೆ. ಪ್ರೋಗ್ರಾಮ್‌ನಲ್ಲಿರುವ ಚಟುವಟಿಕೆಯ ಹೆಸರು ಮತ್ತು ಸಂಖ್ಯೆಯನ್ನೇ ಬಳಸಿ, ನಿಂತದ್ದು ಯಾವುದು, ನಡೆಯುತ್ತಿರುವುದು ಯಾವುದು ಎಂದು ಎರಡನ್ನೂ ಹೇಳಿ. ತಡೆಯುವುದು ಬೇರೆ, ಕಷ್ಟವಾಗುವುದು ಬೇರೆ ಎಂಬುದೂ ಗಮನದಲ್ಲಿರಲಿ. ಸುತ್ತು ಬಳಸಿ ಸಾಮಾನು ತರಬೇಕಾದದ್ದು, ಸಿಮೆಂಟಿಗೆ ಹೆಚ್ಚು ಸಾಗಣೆ ತೆತ್ತದ್ದು ಕಷ್ಟವೇ ಹೊರತು ತಡೆಯಲ್ಲ.

ಪುರಾವೆ

ಪುರಾವೆ ಮೂರು ಪ್ರಶ್ನೆಗೆ ಉತ್ತರಿಸಬೇಕು. ಈ ಪ್ರವಾಹ ಎಷ್ಟು ಅಪರೂಪದ್ದು? ನೀರು ಬರದಿದ್ದರೆ ನೀವು ಆ ದಿನ ನಿಜವಾಗಿ ಕೆಲಸ ಮಾಡುತ್ತಿದ್ದಿರಾ? ನೀರು ಇಳಿದ ಮೇಲಿನ ದಿನಗಳು ಏಕೆ ಬೇಕಾದವು?

ಮೊದಲನೆಯದಕ್ಕೆ ನದಿ ಮಾಪನ ಮಾಡುವ ಇಲಾಖೆಯಿಂದ ಹತ್ತಿರದ ಕೇಂದ್ರದ ಗಂಟೆವಾರು ಮಟ್ಟ ಮತ್ತು ಸಿಗುವಷ್ಟು ವರ್ಷಗಳ ವಾರ್ಷಿಕ ಗರಿಷ್ಠ ಮಟ್ಟಗಳನ್ನು ಪಡೆಯಿರಿ. ಈ ವರ್ಷವೂ ಸೇರಿ 40 ವರ್ಷಗಳ ದಾಖಲೆಯಲ್ಲಿ ಇದೇ ಅತಿ ಹೆಚ್ಚು ಎಂದಾದರೆ, ಸರಳ ವೈಬುಲ್ ಸೂತ್ರದಲ್ಲಿ ಇದರ ಮರುಕಳಿಕೆ ಅವಧಿ ಸುಮಾರು 41 ವರ್ಷ:

```
T = (n + 1) / m = (40 + 1) / 1 = 41
```

ಇಲ್ಲಿ `n` ದಾಖಲೆಯ ವರ್ಷಗಳು, `m` ಈ ಪ್ರವಾಹದ ಸ್ಥಾನ. ಇದು ಒರಟು ಅಂದಾಜು, ಇಲಾಖೆಯಿಂದಲೇ ಲಿಖಿತ ಅಂಕಿ ಸಿಕ್ಕರೆ ಅದನ್ನೇ ಮುಂದಿಡಿ. ಈ ಅಂಕಿಯನ್ನು ಕರಾರಿನ ಅವಧಿಯ ಜೊತೆ ಇಟ್ಟು ನೋಡಿದಾಗ ವಾದಕ್ಕೆ ಬಲ ಬರುತ್ತದೆ. 10 ವರ್ಷಕ್ಕೊಮ್ಮೆಯ ಪ್ರವಾಹ 2 ವರ್ಷದ ಕಾಮಗಾರಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ 19 ಶೇಕಡ. 41 ವರ್ಷದ್ದಕ್ಕೆ ಅದು 5 ಶೇಕಡಕ್ಕಿಂತ ಕಡಿಮೆ:

```
1 - (1 - 1/10)^2 = 0.19
1 - (1 - 1/41)^2 = 0.048
```

ಅನುಭವಿ ಗುತ್ತಿಗೆದಾರ ಐದರಲ್ಲೊಂದು ಸಾಧ್ಯತೆಗೆ ಸಿದ್ಧನಾಗಿರಬೇಕು ಎಂದು ಯಾರಾದರೂ ಹೇಳಿಯಾರು. ಇಪ್ಪತ್ತರಲ್ಲೊಂದಕ್ಕಿಂತ ಕಡಿಮೆ ಇರುವುದಕ್ಕೂ ಸಿದ್ಧನಾಗಿರಬೇಕಿತ್ತು ಎನ್ನುವುದು ಸುಲಭವಲ್ಲ. ಕಾಫರ್ ಡ್ಯಾಮ್‌ನ ಮೇಲ್ಮಟ್ಟ ಟೆಂಡರ್ ದಾಖಲೆಯ ಪ್ರವಾಹ ಮಟ್ಟಕ್ಕಿಂತ 0.70 ಮೀಟರ್ ಎತ್ತರವಿತ್ತು ಎಂಬುದೂ ಇಲ್ಲೇ ಬರಲಿ. ಎರಡನೇ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇದಕ್ಕೆ ಬದಲಾಗಿ, ನಿಮ್ಮ ಕಾಫರ್ ಡ್ಯಾಮ್ 103.50ರಲ್ಲಿದ್ದಿದ್ದರೆ ನೀರು 106.20ಕ್ಕೆ ಏರಿದ ಮಾತ್ರಕ್ಕೆ ನೀವು ಪಾರಾಗುವುದಿಲ್ಲ. ಟೆಂಡರ್‌ನಲ್ಲೇ ಕೊಟ್ಟಿದ್ದ ಮಟ್ಟಕ್ಕೂ ಏಕೆ ತಯಾರಿರಲಿಲ್ಲ ಎಂಬ ಪ್ರಶ್ನೆ ಮೊದಲು ಏಳುತ್ತದೆ.

ಎರಡನೇ ಪ್ರಶ್ನೆಗೆ ಪ್ರವಾಹಕ್ಕೆ ಮುಂಚಿನ ದಾಖಲೆ ಬೇಕು. ಇದನ್ನು ಬಹುತೇಕರು ಲಗತ್ತಿಸುವುದೇ ಇಲ್ಲ. ಜುಲೈ 6, 7, 8ರ ಸೈಟ್ ಡೈರಿಯಲ್ಲಿ ಪಿ-3ರಲ್ಲಿ ಎಷ್ಟು ಜನ ಇದ್ದರು, ಕಂಬಿ ಸೈಟ್‌ಗೆ ಬಂದಿತ್ತೇ, ಡ್ರಾಯಿಂಗ್ ಅನುಮೋದನೆ ಆಗಿತ್ತೇ ಎಂಬುದು ಕಾಣಬೇಕು. ಕಂಬಿಯೇ ಬಂದಿರದಿದ್ದರೆ, ನೀರು ಬರದಿದ್ದರೂ ಕೆಲಸ ನಿಲ್ಲುತ್ತಿತ್ತು ಎಂದು ಎಂಜಿನಿಯರ್ ಹೇಳುತ್ತಾರೆ. ಪಿ-3 ಕ್ರಿಟಿಕಲ್ ಪಾತ್‌ನಲ್ಲಿದೆ, ಅಂದರೆ ಅದು ತಡವಾದರೆ ಇಡೀ ಕಾಮಗಾರಿಯೇ ತಡವಾಗುತ್ತದೆ ಎಂದು ತೋರಿಸಲು ಪ್ರವಾಹಕ್ಕೆ ಹಿಂದಿನ ದಿನದವರೆಗೆ ಅಪ್‌ಡೇಟ್ ಮಾಡಿದ ಪ್ರೋಗ್ರಾಮ್ ಬೇಕು. ಒಂದು ವರ್ಷ ಹಳೆಯ ಬೇಸ್‌ಲೈನ್ ಸಾಕಾಗದು.

ಫೋಟೊಗಳ ವಿಷಯ ಸ್ವಲ್ಪ ಹತ್ತಿರದಿಂದ ನೋಡೋಣ. ನೀರು ತುಂಬಿದ ನದಿಯ ವಿಶಾಲ ನೋಟ ಯಾವ ನದಿಯದೂ ಆಗಿರಬಹುದು. ಬೇಕಾದದ್ದು ಅಳತೆ ಕಾಣುವ ಫೋಟೊ: ಕಾಫರ್ ಡ್ಯಾಮ್‌ನ ಶೀಟ್ ಪೈಲ್ ಮೇಲೆ ಬಣ್ಣದಲ್ಲಿ ಬರೆದ ಮಟ್ಟದ ಗುರುತು, ಅದರ ಪಕ್ಕದಲ್ಲಿ ನೀರಿನ ಗೆರೆ, ಹಿಂದೆ ಗುರುತು ಸಿಗುವ ಒಂದು ಸ್ಥಿರ ರಚನೆ. ದಿನಕ್ಕೆ ಎರಡು ಬಾರಿ ಒಂದೇ ಜಾಗದಿಂದ ತೆಗೆಯಿರಿ. ಮೂಲ ಫೈಲ್‌ಗಳನ್ನೇ ಇಡಿ, ಏಕೆಂದರೆ ಮೆಸೇಜ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗಿರುತ್ತದೆ. ನೀರು ಇಳಿದ ದಿನ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಯನ್ನು ಲೆವೆಲ್ ಉಪಕರಣದಲ್ಲಿ ಅಳೆದು, ಎಂಜಿನಿಯರ್‌ನ ಪ್ರತಿನಿಧಿಯಿಂದ ಸಹಿ ಹಾಕಿಸಿ. ಮುಂದಿನ ಮಳೆಗೆ ಆ ಗೆರೆ ಹೋಗಿಬಿಡುತ್ತದೆ.

ಮೂರನೇ ಪ್ರಶ್ನೆಗೆ ಅಳತೆಯೇ ಉತ್ತರ. ಪಿ-3ರ ಗುಂಡಿ 12 ಮೀಟರ್ ಉದ್ದ, 9 ಮೀಟರ್ ಅಗಲ, ಸರಾಸರಿ 0.75 ಮೀಟರ್ ಹೂಳು. ಒಟ್ಟು 81 ಘನ ಮೀಟರ್. ಕಟ್ಟಿದ ಕಂಬಿಯ ನಡುವಿಂದ ಕೈಯಿಂದಲೇ ತೆಗೆಯಬೇಕಾದ್ದರಿಂದ ದಿನಕ್ಕೆ ಸುಮಾರು 16 ಘನ ಮೀಟರ್, ಅಂದರೆ 5 ದಿನ. ಅದಕ್ಕೆ ಮೊದಲು ನೀರೆತ್ತಲು 2 ದಿನ, ಕೊನೆಗೆ ಕಂಬಿ ತೊಳೆದು ತಪಾಸಣೆ ಮಾಡಿಸಲು 1 ದಿನ. ಜುಲೈ 20ರಿಂದ 27ರವರೆಗಿನ 8 ದಿನ ಹೀಗೆ ಬಂದವು. "ಸ್ವಚ್ಛತೆಗೆ 8 ದಿನ" ಎಂದಷ್ಟೇ ಬರೆದಿದ್ದರೆ ಅರ್ಧ ಕತ್ತರಿಸಿಹೋಗುತ್ತಿತ್ತು.

ವಿಳಂಬ ತಗ್ಗಿಸಲು ಮಾಡಿದ್ದು

ಕಲಂ 19.3ರ ಪ್ರಕಾರ ವಿಳಂಬ ಕಡಿಮೆ ಮಾಡಲು ಯುಕ್ತವಾದ ಎಲ್ಲ ಪ್ರಯತ್ನ ಮಾಡುವುದು ಇಬ್ಬರ ಕರ್ತವ್ಯವೂ ಹೌದು. ಈ ಭಾಗದಲ್ಲಿ "ಎಲ್ಲ ಅಗತ್ಯ ಕ್ರಮ ಕೈಗೊಂಡಿದ್ದೇವೆ" ಎಂಬ ವಾಕ್ಯ ಬರೆದು ಮುಗಿಸುವವರೇ ಹೆಚ್ಚು. ಅದನ್ನು ಓದಿದವರಿಗೆ ಏನೂ ಮಾಡಿಲ್ಲ ಎಂದೇ ಅನಿಸುತ್ತದೆ. ನೀರು ಬರುವ ಮೊದಲು, ನೀರಿದ್ದಾಗ, ಇಳಿದ ಮೇಲೆ ಎಂದು ಮೂರು ಹೊತ್ತಿನದನ್ನೂ ಬರೆಯಿರಿ.

ಮುನ್ನೆಚ್ಚರಿಕೆ ಬಂದ 3 ಗಂಟೆಯೊಳಗೆ, ಜುಲೈ 8ರ ಸಂಜೆ 7ಕ್ಕೆ, ಕ್ರೇನು ಮತ್ತು ನಾಲ್ಕು ಪಂಪ್‌ಗಳನ್ನು ಎತ್ತರದ ಯಾರ್ಡ್‌ಗೆ ಸಾಗಿಸಿದ್ದು ಮೊದಲ ಹೊತ್ತಿನದು. ಪಂಪ್ ಉಳಿದದ್ದರಿಂದಲೇ ರಸ್ತೆ ತೆರೆದ ಮರುದಿನ ನೀರೆತ್ತಲು ಆಯಿತು ಎಂದು ಕಾರಣ ಸಮೇತ ಜೋಡಿಸಿ. ಪಿ-3ರ 46 ಜನರಲ್ಲಿ 22 ಜನರನ್ನು ಜುಲೈ 10ರಿಂದ ಗರ್ಡರ್ ಯಾರ್ಡ್‌ಗೆ ಹಾಕಿದ್ದು ಎರಡನೆಯದು. ಉಳಿದ 24 ಜನರನ್ನು ಏಕೆ ಹಾಕಲಾಗಲಿಲ್ಲ ಎಂಬುದನ್ನೂ ಹೇಳಿ: ಯಾರ್ಡ್‌ನಲ್ಲಿ ಇದ್ದ ಅಚ್ಚುಗಳು ಎರಡೇ, ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ. ಮಾಡಲಾಗದ್ದರ ಕಾರಣ ಬರೆದರೆ ಮಾಡಿದ್ದರ ಮೇಲೆ ನಂಬಿಕೆ ಬರುತ್ತದೆ.

ಈ ಕರ್ತವ್ಯಕ್ಕೆ ಮಿತಿಯೂ ಇದೆ. ಜುಲೈ 9ರಿಂದ 27ರವರೆಗೆ ಕೈತಪ್ಪಿದ 19 ದಿನಗಳನ್ನು ರಾತ್ರಿ ಪಾಳಿ ಹಾಕಿ ನಿಮ್ಮ ಖರ್ಚಿನಲ್ಲೇ ಸರಿದೂಗಿಸಿ ಎಂದು ಎಂಜಿನಿಯರ್ ಕೇಳಿದರೆ ಕಲಂ 8.6 ತೋರಿಸಿ. ಅವಧಿ ವಿಸ್ತರಣೆಗೆ ಅರ್ಹವಾದ ಕಾರಣದಿಂದ ಹಿಂದೆ ಬಿದ್ದಿದ್ದರೆ ಆ ಕಲಂ ಪ್ರಕಾರ ವೇಗ ಹೆಚ್ಚಿಸುವ ಹೊಣೆ ನಿಮ್ಮದಲ್ಲ. ವೇಗ ಹೆಚ್ಚಿಸಬೇಕೆಂದರೆ ಲಿಖಿತ ಸೂಚನೆ ಮತ್ತು ಹಣದ ಒಪ್ಪಿಗೆ ಮೊದಲು ಬರಲಿ. ಬಾಯಿ ಮಾತಿನ ಮೇಲೆ ರಾತ್ರಿ ಪಾಳಿ ಶುರು ಮಾಡಬೇಡಿ.

ನೋಟಿಸ್ ಮಾದರಿ

ಜುಲೈ 13ರಂದು, ನೀರು ಇನ್ನೂ ಇಳಿಯದಿರುವಾಗ ಕೊಡುವ 19.2ರ ನೋಟಿಸ್ ಹೀಗಿರಬಹುದು.

> ನೋಟಿಸ್: ಕಲಂ 19.2 (ಫೋರ್ಸ್ ಮೇಜರ್)
>
> ಗೆ: ಎಂಪ್ಲಾಯರ್ (ಟೆಂಡರ್ ಅನುಬಂಧದಲ್ಲಿರುವ ವಿಳಾಸ). ಪ್ರತಿ: ಎಂಜಿನಿಯರ್.
> ದಿನಾಂಕ: ಜುಲೈ 13. ಕೈಯಿಂದ ತಲುಪಿಸಲಾಗಿದೆ.
>
> ಮಾನ್ಯರೇ,
>
> 1. ಜುಲೈ 9ರಂದು ಬೆಳಿಗ್ಗೆ 5.10ಕ್ಕೆ ನದಿಯ ನೀರು ಪಿ-3ರ ಕಾಫರ್ ಡ್ಯಾಮ್‌ನ ಮೇಲ್ಮಟ್ಟ 104.50 ಮೀ. ದಾಟಿ ಒಳನುಗ್ಗಿತು. ಅದೇ ದಿನ ಬೆಳಿಗ್ಗೆ 11ಕ್ಕೆ 106.20 ಮೀ. ತಲುಪಿತು. ಈ ಮಟ್ಟಗಳು ಕರಾರಿನ ಬೆಂಚ್‌ಮಾರ್ಕ್ ಆಧರಿಸಿದವು. ಈ ದಿನದವರೆಗೂ ಮಟ್ಟ 104.50 ಮೀ.ಗಿಂತ ಮೇಲಿದೆ. ಸೈಟ್ ರಸ್ತೆಯ ಮೋರಿ ಕೊಚ್ಚಿಹೋಗಿದ್ದು ನದಿ ಪಾತ್ರಕ್ಕೆ ವಾಹನ ಸಂಚಾರ ಇಲ್ಲ.
>
> 2. ಟೆಂಡರ್ ದಾಖಲೆಯಲ್ಲಿ ಕೊಟ್ಟ 10 ವರ್ಷದ ಪ್ರವಾಹ ಮಟ್ಟ 103.80 ಮೀ. ನಮ್ಮ ಕಾಫರ್ ಡ್ಯಾಮ್ ಅದಕ್ಕಿಂತ 0.70 ಮೀ. ಎತ್ತರವಿತ್ತು. ಈ ಘಟನೆ ನಮ್ಮ ಹತೋಟಿ ಮೀರಿದ್ದು. ಕರಾರಿಗೆ ಮುಂಚೆ ಇದಕ್ಕೆ ಯುಕ್ತ ಏರ್ಪಾಡು ಮಾಡಲು, ಬಂದ ಮೇಲೆ ತಪ್ಪಿಸಲು ಅಥವಾ ಮೀರಲು ಸಾಧ್ಯವಿರಲಿಲ್ಲ. ನಮಗೆ ಈಗ ತಿಳಿದಿರುವಂತೆ ಇದಕ್ಕೆ ನೀವು ಕಾರಣರಲ್ಲ. ಮೇಲ್ದಂಡೆಯಿಂದ ನೀರು ಬಿಟ್ಟ ವಿವರ ಕೇಳಿದ್ದೇವೆ, ಆ ಕುರಿತ ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ.
>
> 3. ಜುಲೈ 9ರ ಬೆಳಿಗ್ಗೆ 5.10ರಿಂದ ತಡೆಯಾಗಿರುವ ಬಾಧ್ಯತೆ: ಅಂಗೀಕೃತ ಪ್ರೋಗ್ರಾಮ್‌ನ ಪಿ-3 ಪೈಲ್ ಕ್ಯಾಪ್ ಕಂಬಿ, ಶಟರಿಂಗ್, ಕಾಂಕ್ರೀಟ್. ಮುಂದೆ ತಡೆಯಾಗಲಿರುವುದು: ಅದರ ಮೇಲಿನ ಪಿಯರ್ ಕೆಲಸ. ಗರ್ಡರ್ ಯಾರ್ಡ್‌ನಲ್ಲಿ ಜುಲೈ 10ರಿಂದ ಕೆಲಸ ನಡೆದಿದೆ.
>
> 4. ಜುಲೈ 8ರ ಸಂಜೆ 4ರ ಮುನ್ನೆಚ್ಚರಿಕೆಯ ನಂತರ 7ರೊಳಗೆ ಕ್ರೇನು ಮತ್ತು 4 ಪಂಪ್‌ಗಳನ್ನು ಯಾರ್ಡ್‌ಗೆ ಸಾಗಿಸಲಾಯಿತು. ಜುಲೈ 10ರಿಂದ 22 ಜನರನ್ನು ಗರ್ಡರ್ ಕೆಲಸಕ್ಕೆ ನಿಯೋಜಿಸಲಾಗಿದೆ. ರಸ್ತೆ ತೆರೆದ ಕೂಡಲೇ ನೀರೆತ್ತುವ ಮತ್ತು ಹೂಳು ತೆಗೆಯುವ ಕೆಲಸ ಆರಂಭಿಸುತ್ತೇವೆ.
>
> 5. ಲಗತ್ತು: ನದಿ ಮಟ್ಟದ ದಾಖಲೆ, ಜುಲೈ 6ರಿಂದ 12ರ ಸೈಟ್ ಡೈರಿ, ಅಳತೆ ಸಹಿತ ಫೋಟೊಗಳು, ಮುನ್ನೆಚ್ಚರಿಕೆಯ ಪ್ರತಿ, ಜುಲೈ 8ರವರೆಗೆ ಅಪ್‌ಡೇಟ್ ಮಾಡಿದ ಪ್ರೋಗ್ರಾಮ್. ಉಳಿದವನ್ನು ದೊರೆತಂತೆ ಸಲ್ಲಿಸುತ್ತೇವೆ.
>
> 6. ಕಲಂ 20.1 ಮತ್ತು 17.4ರ ನೋಟಿಸ್‌ಗಳನ್ನು ಎಂಜಿನಿಯರ್ ಅವರಿಗೆ ಪ್ರತ್ಯೇಕವಾಗಿ ನೀಡಲಾಗಿದೆ. ಜಂಟಿ ತಪಾಸಣೆಗೆ ದಿನ ಗೊತ್ತುಪಡಿಸಬೇಕೆಂದು ಕೋರುತ್ತೇವೆ.
>
> ಗುತ್ತಿಗೆದಾರನ ಅಧಿಕೃತ ಪ್ರತಿನಿಧಿ (ಸಹಿ)

ಈ ಪತ್ರದಲ್ಲಿ ದಿನಗಳ ಮೊತ್ತ ಇಲ್ಲ ಎಂಬುದನ್ನು ಗಮನಿಸಿ. ನೀರು ಇಳಿಯುವ ಮೊದಲೇ "10 ದಿನ ಬೇಕು" ಎಂದು ಬರೆದುಬಿಟ್ಟರೆ, ಆಮೇಲೆ 19 ಕೇಳುವಾಗ ಆ 10 ನಿಮ್ಮ ಎದುರಿಗೇ ಬಂದು ನಿಲ್ಲುತ್ತದೆ. ಸಹಿ ಯಾರದು ಎಂಬುದನ್ನೂ ನೋಡಿ. ಕರಾರಿನಡಿ ಅಧಿಕಾರವಿಲ್ಲದ ಸೈಟ್ ಸೂಪರ್‌ವೈಸರ್ ಸಹಿ ಹಾಕಿದ ನೋಟಿಸ್ ಬಗ್ಗೆ ತಕರಾರು ಏಳುತ್ತದೆ.

ನೋಟಿಸ್ ಕೊಟ್ಟ ಮೇಲೆ

ಅಡ್ಡಿ ಮುಗಿದಾಗ ಇನ್ನೊಂದು ನೋಟಿಸ್ ಕೊಡಬೇಕೆಂದು ಕಲಂ 19.3 ಹೇಳುತ್ತದೆ, ಇದನ್ನು ಮರೆಯುವವರು ಬಹಳ. ನಮ್ಮ ಉದಾಹರಣೆಯಲ್ಲಿ ಅದರ ದಿನ ಜುಲೈ 28, ಪಿ-3ರಲ್ಲಿ ಕಂಬಿ ಕೆಲಸ ಮತ್ತೆ ಹಿಡಿದ ದಿನ. ನೀರು ಇಳಿದ ಜುಲೈ 17ರಂದೇ "ಪ್ರವಾಹ ಮುಗಿದಿದೆ" ಎಂದು ಪತ್ರ ಬರೆದರೆ ಮುಂದಿನ 10 ದಿನಗಳನ್ನು ನೀವೇ ಬಿಟ್ಟುಕೊಟ್ಟಂತೆ. 2017ರ ಕರಾರಿನಲ್ಲಿ ಪರಿಣಾಮ ಮುಂದುವರಿದಿದ್ದರೆ ಪ್ರತಿ 28 ದಿನಕ್ಕೊಮ್ಮೆ ಸ್ಥಿತಿ ತಿಳಿಸುವ ನೋಟಿಸ್ ಕೂಡ ಬೇಕು.

ವಿವರವಾದ ಕ್ಲೇಮ್‌ನಲ್ಲಿ ದಿನಗಳನ್ನು ಕಾರಣವಾರು ಬಿಡಿಸಿ: ನೀರು ನಿಂತದ್ದು ಜುಲೈ 9ರಿಂದ 17, 9 ದಿನ. ರಸ್ತೆ ಇಲ್ಲದ್ದು 18 ಮತ್ತು 19, 2 ದಿನ. ನೀರೆತ್ತುವುದು, ಹೂಳು, ತಪಾಸಣೆ 20ರಿಂದ 27, 8 ದಿನ. ಹೀಗೆ ಬಿಡಿಸಿಟ್ಟರೆ ಎಂಜಿನಿಯರ್ ಒಂದು ಭಾಗ ಒಪ್ಪದಿದ್ದರೂ ಉಳಿದದ್ದು ಉಳಿಯುತ್ತದೆ. ಕ್ಲೇಮ್ ಕೈಸೇರಿದ 42 ದಿನದೊಳಗೆ ಅವರು ಒಪ್ಪಿಗೆಯನ್ನೋ, ಕಾರಣ ಸಹಿತ ನಿರಾಕರಣೆಯನ್ನೋ ತಿಳಿಸಬೇಕು. ಹೆಚ್ಚಿನ ವಿವರ ಕೇಳಿ ಪತ್ರ ಬಂದರೆ ಅದಕ್ಕೆ ಉತ್ತರಿಸಿ, ಆದರೆ ಗಡುವು ಹಾಗೆ ಮುಂದಕ್ಕೆ ಹೋಗಲು ಬಿಡಬೇಡಿ. ಕ್ಲೇಮ್‌ನ ತತ್ವದ ಮೇಲೆ ಆ ಅವಧಿಯೊಳಗೇ ಅಭಿಪ್ರಾಯ ಕೊಡಬೇಕೆಂದು ಕಲಂ ಹೇಳುತ್ತದೆ.

ಉಪಗುತ್ತಿಗೆದಾರರ ಕಡೆ ನೋಡುವುದಾದರೆ, ಅವರ ಕರಾರಿನಲ್ಲಿ ಫೋರ್ಸ್ ಮೇಜರ್‌ನ ವ್ಯಾಪ್ತಿ ಹೆಚ್ಚು ವಿಶಾಲವಾಗಿದ್ದರೂ ಅದರ ಲಾಭ ನಿಮಗೆ ಮೇಲಿನ ಕರಾರಿನಲ್ಲಿ ಸಿಗುವುದಿಲ್ಲ. ಅವರ ನೋಟಿಸ್ ನಿಮಗೆ ಬರುವ ಗಡುವು ನಿಮ್ಮ 14 ದಿನಕ್ಕಿಂತ ಕಡಿಮೆ ಇರುವಂತೆ ಉಪಕರಾರು ಬರೆಯುವಾಗಲೇ ನೋಡಿಕೊಳ್ಳಬೇಕು.

ಒಂದೇ ಪ್ರವಾಹದ ಕಾರಣ ಹೆಚ್ಚುಕಡಿಮೆ ಇಡೀ ಕಾಮಗಾರಿ ಸತತ 84 ದಿನ, ಅಥವಾ ಬಿಟ್ಟು ಬಿಟ್ಟು ಒಟ್ಟು 140 ದಿನಕ್ಕಿಂತ ಹೆಚ್ಚು ತಡೆಯಾದರೆ ಇಬ್ಬರಲ್ಲಿ ಯಾರಾದರೂ ಕರಾರು ಕೊನೆಗೊಳಿಸಲು ನೋಟಿಸ್ ಕೊಡಬಹುದು. ಅದು ಕೊಟ್ಟ 7 ದಿನಕ್ಕೆ ಜಾರಿಗೆ ಬರುತ್ತದೆ. ಒಂದೇ ಪಿಯರ್ ನಿಂತದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಯಾರ್ಡ್‌ನಲ್ಲಿ ಗರ್ಡರ್ ಎರಕ ನಡೆದಿರುವವರೆಗೆ ಆ ಹಕ್ಕು ಎಂಪ್ಲಾಯರ್‌ಗೂ ಹುಟ್ಟುವುದಿಲ್ಲ, ನಿಮಗೂ ಹುಟ್ಟುವುದಿಲ್ಲ.